ಐದು ಎಚ್‌ಪಿ ಮೋಟರಿಗೆ ಗಂಟೆಗೆ ಎಷ್ಟು ಯೂನಿಟ್?

ಐದು ಎಚ್‌ಪಿ ಮೋಟರ್ ಒಂದು ಗಂಟೆ ಓಡಿದರೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಗುತ್ತದೆ? ಡಿಪ್ಲೊಮಾ ಓದುತ್ತಿರುವ ಮನೆಯ ಹುಡುಗನನ್ನು ಕೇಳಿದರೆ ಮೊಬೈಲ್ ತೆಗೆದು 5ನ್ನು 0.746ರಿಂದ ಗುಣಿಸಿ ‘3.73’ ಎನ್ನುತ್ತಾನೆ. ಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಹಳೆಯ ಮೇಸ್ತ್ರಿಯನ್ನು ಕೇಳಿದರೆ ಅವರು ಲೆಕ್ಕವನ್ನೇ ಹಾಕುವುದಿಲ್ಲ. ‘ಎಚ್‌ಪಿಗೊಂದು ಯೂನಿಟ್ ಅಂತ ಹಿಡ್ಕೊಳ್ಳಿ, ಐದಾಗುತ್ತೆ’ ಎಂದು ಮುಗಿಸುತ್ತಾರೆ. ಹುಡುಗನ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಮೀಟರ್ ಓಡುವುದು ಮೇಸ್ತ್ರಿ ಹೇಳಿದ ಹಾಗೆ.

ಈ ಎರಡು ಉತ್ತರಗಳ ನಡುವೆ ಇರುವ ಒಂದೂಕಾಲು ಯೂನಿಟ್ ಎಲ್ಲಿಗೆ ಹೋಯಿತು ಎಂದು ತಿಳಿದರೆ ಕೊಳವೆಬಾವಿ ಮೋಟರಿನ ಅರ್ಧ ವಿದ್ಯೆ ತಿಳಿದಂತೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಹೆಚ್ಚಿನವುಗಳಿಗೆ ಮೀಟರೂ ಇಲ್ಲ. ಹಾಗಾಗಿ ಬಿಲ್ ನೋಡಿ ಲೆಕ್ಕ ಕಲಿಯುವ ಅವಕಾಶ ನಮ್ಮ ರೈತರಿಗೆ ಸಿಕ್ಕಿದ್ದೇ ಕಡಿಮೆ. ಆದರೂ ಗಂಟೆಗೆ ಎಷ್ಟು ಯೂನಿಟ್, ಆ ಯೂನಿಟ್‌ಗೆ ಎಷ್ಟು ನೀರು ಎಂಬ ಎರಡು ಅಂಕಿಗಳು ಕೈಯಲ್ಲಿದ್ದರೆ, ಮೂರುನೂರು ಅಡಿ ಆಳದಲ್ಲಿ ಕಣ್ಣಿಗೆ ಕಾಣದೆ ತಿರುಗುವ ಯಂತ್ರ ಹೇಗಿದೆ ಎಂದು ಮೇಲೆ ಕುಳಿತೇ ಹೇಳಬಹುದು.

ಕುದುರೆಯಿಂದ ಕಿಲೋವ್ಯಾಟ್‌ಗೆ

ಎಚ್‌ಪಿ ಎಂದರೆ ಅಶ್ವಶಕ್ತಿ. ಹದಿನೆಂಟನೇ ಶತಮಾನದ ಬ್ರಿಟನ್ನಿನಲ್ಲಿ ಉಗಿಯಂತ್ರ ಮಾರಲು ಹೊರಟ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ಹೇಳಬೇಕಿತ್ತು. ಅದಕ್ಕಾಗಿ ಅವನು ಒಂದು ಅಳತೆ ಗೊತ್ತುಮಾಡಿದ: 33,000 ಪೌಂಡ್ ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವ ಶಕ್ತಿಯೇ ಒಂದು ಎಚ್‌ಪಿ. ನಮ್ಮ ಅಳತೆಯಲ್ಲಿ ಇದು 76 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವಷ್ಟು. ಇದನ್ನೇ ವಿದ್ಯುತ್ತಿನ ಮಾನದಲ್ಲಿ 746 ವ್ಯಾಟ್, ಅಂದರೆ 0.746 ಕಿಲೋವ್ಯಾಟ್ ಎನ್ನುತ್ತೇವೆ.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಆದ್ದರಿಂದ ಈ 76 ಎಂಬ ಅಂಕಿ ರೈತರಿಗೆ ಬಲು ಅನುಕೂಲ. ಇದು ಮುಂದೆ ಮತ್ತೆ ಬೇಕಾಗುತ್ತದೆ.

ಪಂಪ್‌ಸೆಟ್‌ನ ತಗಡಿನ ಮೇಲೆ ಸಾಮಾನ್ಯವಾಗಿ ಎರಡೂ ಅಳತೆಗಳು ಅಕ್ಕಪಕ್ಕದಲ್ಲಿರುತ್ತವೆ. 3 ಎಚ್‌ಪಿ ಎದುರು 2.2 ಕಿಲೋವ್ಯಾಟ್, 5ರ ಎದುರು 3.7, 7.5ರ ಎದುರು 5.5, 10ರ ಎದುರು 7.5 ಎಂದಿರುತ್ತದೆ. 0.746ರಿಂದ ಗುಣಿಸಿ ಬಂದದ್ದನ್ನು ತಯಾರಕರು ಅಲ್ಲಲ್ಲಿ ಸ್ವಲ್ಪ ದುಂಡಾಗಿಸಿದ್ದಾರೆ, ಅಷ್ಟೆ. ಒಂದು ಕಿಲೋವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್. ಇಷ್ಟೇ ಆಗಿದ್ದರೆ ಹುಡುಗ ಹೇಳಿದ ಲೆಕ್ಕವೇ ಕೊನೆಯ ಮಾತಾಗುತ್ತಿತ್ತು.

ಗುಣಿಸಿದ ಮೇಲೆ ಭಾಗಿಸಬೇಕು

ಅವನ ಲೆಕ್ಕದಲ್ಲಿ ಬಿಟ್ಟುಹೋದ ಸಂಗತಿ ಒಂದೇ. ತಗಡಿನ ಮೇಲಿನ 5 ಎಚ್‌ಪಿ, ಅಂದರೆ 3.7 ಕಿಲೋವ್ಯಾಟ್, ಮೋಟರ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕವಲ್ಲ. ಮೋಟರಿನ ಶಾಫ್ಟ್ ಪಂಪಿಗೆ ಕೊಡುವ ಬಲದ ಲೆಕ್ಕ. ಮೀಟರ್ ಕುಳಿತಿರುವುದು ಕರೆಂಟ್ ಒಳಹೋಗುವ ಬಾಗಿಲಲ್ಲಿ, ಎಚ್‌ಪಿ ಅಳೆದಿರುವುದು ಬಲ ಹೊರಬರುವ ಬಾಗಿಲಲ್ಲಿ. ನಡುವೆ ವೈಂಡಿಂಗ್ ಕಾಯುತ್ತದೆ, ಕಬ್ಬಿಣದ ಪಟ್ಟಿಗಳು ಕಾಯುತ್ತವೆ, ಬೇರಿಂಗ್ ಉಜ್ಜುತ್ತದೆ. ಸಬ್‌ಮರ್ಸಿಬಲ್ ಮೋಟರಿನಲ್ಲಿ ರೋಟರ್ ನೀರಿನೊಳಗೇ ತಿರುಗುವುದರಿಂದ ಅದಕ್ಕೂ ಒಂದಿಷ್ಟು ಬಲ ವ್ಯಯವಾಗುತ್ತದೆ. ಆರಿಂಚು ಕೇಸಿಂಗ್‌ನೊಳಗೆ ಇಳಿಯಬೇಕಾದ ಮೋಟರ್ ಸಣಕಲಾಗಿ, ಉದ್ದವಾಗಿ ಇರಲೇಬೇಕು. ಆ ಆಕಾರದಲ್ಲಿ ಉತ್ತಮ ದಕ್ಷತೆ ಸಾಧಿಸುವುದು ಕಷ್ಟ.

ಐದು ಎಚ್‌ಪಿ ಆಸುಪಾಸಿನ ಕೊಳವೆಬಾವಿ ಮೋಟರಿನ ದಕ್ಷತೆ ಸಾಮಾನ್ಯವಾಗಿ ನೂರಕ್ಕೆ 70ರಿಂದ 78ರಷ್ಟು. 75 ಎಂದು ಹಿಡಿದರೆ 3.73ನ್ನು 0.75ರಿಂದ ಭಾಗಿಸಬೇಕು. ಉತ್ತರ 4.97, ಅಂದರೆ ಗಂಟೆಗೆ ಹೆಚ್ಚುಕಡಿಮೆ ಐದು ಯೂನಿಟ್. 0.746 ಮತ್ತು 0.75 ಅಕ್ಕಪಕ್ಕದ ಅಂಕಿಗಳಾದ್ದರಿಂದ ಗುಣಾಕಾರವೂ ಭಾಗಾಕಾರವೂ ಒಂದನ್ನೊಂದು ಹೊಡೆದುಹಾಕುತ್ತವೆ. ಮೇಸ್ತ್ರಿಯ ‘ಎಚ್‌ಪಿಗೊಂದು ಯೂನಿಟ್’ ಹುಟ್ಟಿದ್ದು ಹೀಗೆ. ತೆರೆದ ಬಾವಿಯ ದಡದಲ್ಲಿ ಕೂರುವ ಮಾನೋಬ್ಲಾಕ್ ಮೋಟರ್ ದಪ್ಪಗಿರಬಹುದು, ಗಾಳಿಯಲ್ಲಿ ತಿರುಗುತ್ತದೆ. ಅದರ ದಕ್ಷತೆ ಸ್ವಲ್ಪ ಮೇಲು. ಅಲ್ಲಿ ಎಚ್‌ಪಿಗೆ 0.9 ಯೂನಿಟ್ ಎಂದು ಹಿಡಿದರೆ ಸಾಕು.

ಈ ಸುಲಭ ಸೂತ್ರ ನಿಲ್ಲುವುದು ಮೋಟರ್ ತನ್ನ ಪೂರ್ತಿ ಹೊರೆ ಹೊತ್ತಾಗ ಮಾತ್ರ. ಐದು ಎಚ್‌ಪಿ ಎಂಬುದು ಮೋಟರಿನ ಸಾಮರ್ಥ್ಯ. ಅಷ್ಟನ್ನೂ ಅದು ಸದಾ ಕೊಡುತ್ತಲೇ ಇರುವುದಿಲ್ಲ. ಪಂಪು ಎಷ್ಟು ಕೇಳುತ್ತದೋ ಅಷ್ಟನ್ನು ಕೊಡುತ್ತದೆ. ಪಂಪು ಮೂರೂವರೆ ಎಚ್‌ಪಿ ಕೇಳಿದರೆ ಮೋಟರ್ ಮೂರೂವರೆ ಕೊಟ್ಟು, ಅದಕ್ಕೆ ಬೇಕಾದಷ್ಟು ಕರೆಂಟನ್ನೇ ಎಳೆಯುತ್ತದೆ. ಹಾಗಾಗಿ ಸೂತ್ರ ಅಂದಾಜಿಗೆ ಸಾಕು, ನಿಜಕ್ಕೆ ಅಳೆಯಬೇಕು.

ಅಳೆಯುವ ಎರಡು ದಾರಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚನ್ನಗಿರಿ ಕಡೆಯ ಒಂದು ಎಕರೆ ಅಡಿಕೆ ತೋಟ. ತ್ರೀ ಫೇಸ್‌ನ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್. ಮೋಟರ್ ಓಡುವಾಗ ಕೊಳವೆಬಾವಿಯಲ್ಲಿ ನೀರು 270 ಅಡಿಯಲ್ಲಿ ನಿಲ್ಲುತ್ತದೆ.

ಮೊದಲ ದಾರಿ ಕ್ಲ್ಯಾಂಪ್ ಮೀಟರ್. ಎಲೆಕ್ಟ್ರಿಷಿಯನ್ ಬಳಿ ಇರುವ ಈ ಚಿಮಟದಂಥ ಉಪಕರಣವನ್ನು ವೈರಿನ ಸುತ್ತ ಹಿಡಿದರೆ ಸಾಕು, ವೈರ್ ಬಿಚ್ಚದೆಯೇ ಆಂಪ್ಸ್ ತೋರಿಸುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಒಳಗಿನ ಕೆಲಸವಾದ್ದರಿಂದ ಇದನ್ನು ತಿಳಿದವರಿಂದಲೇ ಮಾಡಿಸಬೇಕು. ಮೋಟರ್ ಶುರುವಾಗಿ ಹತ್ತು ನಿಮಿಷ ಕಳೆದು ನೀರು ಸ್ಥಿರವಾದ ಮೇಲೆ ಮೂರು ಫೇಸ್‌ಗಳನ್ನೂ ಒಂದೊಂದಾಗಿ ಅಳೆಯಬೇಕು. ನಮ್ಮ ತೋಟದಲ್ಲಿ 8.4, 8.5, 8.6 ಆಂಪ್ಸ್ ಬಂತು ಎನ್ನೋಣ, ಸರಾಸರಿ 8.5. ಎರಡು ಫೇಸ್‌ಗಳ ನಡುವಿನ ವೋಲ್ಟೇಜ್ 405. ಇವೆರಡನ್ನೂ 1.732ರಿಂದ ಗುಣಿಸಿ, ಬಂದದ್ದನ್ನು ಪವರ್ ಫ್ಯಾಕ್ಟರ್‌ನಿಂದ ಗುಣಿಸಬೇಕು. ಮೋಟರ್ ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು ಎಷ್ಟು ಎಂದು ಹೇಳುವ ಅಂಕಿ ಅದು. ಈ ಗಾತ್ರದ, ಪೂರ್ತಿ ಹೊರೆಯಲ್ಲಿರುವ ಮೋಟರಿಗೆ 0.83 ಎಂದು ಹಿಡಿಯಬಹುದು.

1.732 × 405 × 8.5 × 0.83 = 4,949 ವ್ಯಾಟ್

ಅಂದರೆ ಗಂಟೆಗೆ 4.95 ಯೂನಿಟ್. ಈ ಲೆಕ್ಕದಲ್ಲಿ ಒಂದೇ ಸಂದೇಹವಿರುವುದು ಪವರ್ ಫ್ಯಾಕ್ಟರಿನಲ್ಲಿ. ನಾವು ಅಳೆದದ್ದು ಆಂಪ್ಸ್ ಮತ್ತು ವೋಲ್ಟೇಜನ್ನು ಮಾತ್ರ, 0.83 ಎಂಬುದು ಊಹೆ. ಹೊರೆ ಕಡಿಮೆಯಿದ್ದಾಗ ಪವರ್ ಫ್ಯಾಕ್ಟರ್ ಕೂಡ ಇಳಿಯುತ್ತದೆ.

ಊಹೆ ಬೇಡ ಎನ್ನುವವರಿಗೆ ಎರಡನೇ ದಾರಿಯಿದೆ: ಯೂನಿಟ್ ಮೀಟರ್. ಬೋರ್ಡಿನಲ್ಲಿ ಮೀಟರ್ ಇದ್ದರೆ, ಇಲ್ಲವೇ ಸ್ವಂತಕ್ಕೊಂದು ಸಬ್‌ಮೀಟರ್ ಹಾಕಿಸಿಕೊಂಡಿದ್ದರೆ, ಮೋಟರೊಂದನ್ನೇ ಓಡಿಸಿ ಒಂದು ಗಂಟೆಯ ಹಿಂದುಮುಂದಿನ ರೀಡಿಂಗ್ ಬರೆದುಕೊಳ್ಳಬೇಕು. ವ್ಯತ್ಯಾಸವೇ ಉತ್ತರ. ಅಷ್ಟು ಹೊತ್ತು ಕಾಯಲು ಪುರಸೊತ್ತಿಲ್ಲದಿದ್ದರೆ ಮೀಟರ್ ಮೇಲೆ ಮಿಣುಕುವ ಕೆಂಪು ದೀಪ ನೋಡಿ. ಅದರ ಪಕ್ಕದಲ್ಲಿ 800 imp/kWh ಎಂಬಂತೆ ಒಂದು ಅಂಕಿ ಅಚ್ಚಾಗಿರುತ್ತದೆ. ದೀಪ 800 ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. ನಮ್ಮ ತೋಟದ ಮೀಟರಿನಲ್ಲಿ ದೀಪ 20 ಸಲ ಮಿಣುಕಲು 18 ಸೆಕೆಂಡ್ ಬೇಕಾಯಿತು. ಆ ವೇಗದಲ್ಲಿ ಒಂದು ಗಂಟೆಗೆ, ಅಂದರೆ 3,600 ಸೆಕೆಂಡಿಗೆ, 4,000 ಸಲ ಮಿಣುಕುತ್ತದೆ. 4,000ವನ್ನು 800ರಿಂದ ಭಾಗಿಸಿದರೆ ಐದು ಯೂನಿಟ್. ಕ್ಲ್ಯಾಂಪ್ ಮೀಟರಿನ ಲೆಕ್ಕಕ್ಕೂ ಇದಕ್ಕೂ ತಾಳೆಯಾಯಿತು. ಇನ್ನು ಮುಂದೆ ಐದು ಯೂನಿಟ್ ಎಂದೇ ಇಟ್ಟುಕೊಳ್ಳೋಣ.

ಆಂಪ್ಸ್ ಇಳಿದರೆ ಯೂನಿಟ್ ಇಳಿಯಿತೇ?

ಕ್ಲ್ಯಾಂಪ್ ಮೀಟರ್ ಹಿಡಿದವರು ಸುಲಭವಾಗಿ ಜಾರುವ ಜಾಗ ಒಂದಿದೆ. ಸ್ಟಾರ್ಟರ್ ಬಳಿ ಕೆಪಾಸಿಟರ್ ಕೂರಿಸಿ, ಅದರ ಹಿಂದಿನ ವೈರಿನಲ್ಲಿ ಅಳೆದರೆ ಆಂಪ್ಸ್ ತಟ್ಟನೆ ಇಳಿಯುತ್ತದೆ. ನಮ್ಮ ಮೋಟರಿಗೆ ಸರಿಯಾದ 2 ಕೆವಿಎಆರ್ ಕೆಪಾಸಿಟರ್ ಹಾಕಿದರೆ 8.5 ಇದ್ದದ್ದು 7.3ರ ಹತ್ತಿರಕ್ಕೆ ಬರುತ್ತದೆ. ಇಷ್ಟು ಕರೆಂಟ್ ಉಳಿಯಿತು ಎಂದು ತೋರಿಸಿ ಸಾಮಾನು ಮಾರುವವರೂ ಇದ್ದಾರೆ. ಆದರೆ ಆಂಪ್ಸ್ ಇಳಿದಷ್ಟೇ ಪವರ್ ಫ್ಯಾಕ್ಟರ್ ಏರಿರುತ್ತದೆ, 0.83 ಇದ್ದದ್ದು 0.96 ಆಗಿರುತ್ತದೆ. ಎರಡನ್ನೂ ಗುಣಿಸಿದರೆ ಅದೇ 4.95. ಮೀಟರಿನ ದೀಪ ಮೊದಲಿನ ವೇಗದಲ್ಲೇ ಮಿಣುಕುತ್ತದೆ.

ಹಾಗೆಂದು ಕೆಪಾಸಿಟರ್ ದಂಡವಲ್ಲ. ಟಿಸಿಯಿಂದ ತೋಟದವರೆಗಿನ ತಂತಿಯಲ್ಲಿ ಹರಿಯುವ ಕರೆಂಟ್ ಕಡಿಮೆಯಾಗುವುದರಿಂದ ತಂತಿ ಕಡಿಮೆ ಕಾಯುತ್ತದೆ, ವೋಲ್ಟೇಜ್ ಕುಸಿಯುವುದು ತಗ್ಗುತ್ತದೆ. ಒಂದೇ ಟಿಸಿ ಕೆಳಗಿನ ಹತ್ತಾರು ರೈತರು ಹಾಕಿಸಿಕೊಂಡರೆ ಎಲ್ಲರ ಮೋಟರಿಗೂ ಒಳ್ಳೆಯದು. ಲಾಭ ಲೈನಿಗೆ, ಮೀಟರಿಗಲ್ಲ.

ವೋಲ್ಟೇಜ್ ಇಳಿದಾಗ ಇದರ ತದ್ವಿರುದ್ಧ ನಡೆಯುತ್ತದೆ. ಪಂಪು ಕೇಳುವ ಬಲ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಮೋಟರ್ ಕಡಿಮೆ ವೋಲ್ಟೇಜಿನ ಕೊರತೆಯನ್ನು ಹೆಚ್ಚು ಆಂಪ್ಸ್ ಎಳೆದು ತುಂಬಿಕೊಳ್ಳುತ್ತದೆ. ವೋಲ್ಟೇಜ್ 340ಕ್ಕೆ ಬಿದ್ದರೆ ಆಂಪ್ಸ್ ಹತ್ತು ದಾಟಬಹುದು. ವೈಂಡಿಂಗ್‌ನ ಬಿಸಿ ಆಂಪ್ಸ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ: 8.5 ಇದ್ದದ್ದು 10 ಆದರೆ ಬಿಸಿ ನೂರಕ್ಕೆ ಸುಮಾರು 38ರಷ್ಟು ಹೆಚ್ಚು. ‘ಲೋ ವೋಲ್ಟೇಜ್, ಕರೆಂಟ್ ಕಡಿಮೆ ತಿನ್ನುತ್ತೆ’ ಎಂಬ ಮಾತು ಬಲ್ಬಿಗೆ ಸರಿ, ಮೋಟರಿಗೆ ಅಲ್ಲ. ಯೂನಿಟ್ ಅಷ್ಟೇ ಓಡುತ್ತದೆ, ಮೇಲೆ ವೈಂಡಿಂಗ್ ಸುಡುತ್ತದೆ.

ಡ್ರಮ್ ತುಂಬಲು ಎಷ್ಟು ಹೊತ್ತು

ಗಂಟೆಗೆ ಐದು ಯೂನಿಟ್ ಎಂದು ತಿಳಿದಾಯಿತು. ಆ ಐದು ಯೂನಿಟ್‌ಗೆ ಎಷ್ಟು ನೀರು ಬಂತು ಎಂದು ಗೊತ್ತಿಲ್ಲದಿದ್ದರೆ ಈ ಲೆಕ್ಕದಿಂದ ತೋಟಕ್ಕೆ ಏನೂ ಪ್ರಯೋಜನವಿಲ್ಲ. ಅಳೆಯಲು ಬೇಕಾದ್ದು 200 ಲೀಟರಿನ ಡ್ರಮ್ ಮತ್ತು ಮೊಬೈಲಿನ ಸ್ಟಾಪ್‌ವಾಚ್. ನಮ್ಮ ತೋಟದಲ್ಲಿ ಡ್ರಮ್ ತುಂಬಲು 90 ಸೆಕೆಂಡ್ ಹಿಡಿಯಿತು. ಅಂದರೆ ಸೆಕೆಂಡಿಗೆ 2.2 ಲೀಟರ್, ಗಂಟೆಗೆ 8,000 ಲೀಟರ್. ಐದನ್ನು ಎಂಟರಿಂದ ಭಾಗಿಸಿದರೆ, ಸಾವಿರ ಲೀಟರಿಗೆ 0.63 ಯೂನಿಟ್.

ಇಲ್ಲಿ 76 ಕಿಲೋವಿನ ಲೆಕ್ಕವನ್ನು ಮತ್ತೆ ತೆಗೆಯೋಣ. ಐದು ಎಚ್‌ಪಿ ಎಂದರೆ 380 ಲೀಟರ್ ನೀರನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಬಲ. ನಮ್ಮ ನೀರು ಏರಬೇಕಾದದ್ದು 270 ಅಡಿ, ಅಂದರೆ 82 ಮೀಟರ್. ಪೈಪಿನ ಉಜ್ಜುವಿಕೆ ಮತ್ತು ತೊಟ್ಟಿಯ ಎತ್ತರಕ್ಕೆ ಎಂಟು ಮೀಟರ್ ಸೇರಿಸಿ 90 ಎನ್ನೋಣ. 380ನ್ನು 90ರಿಂದ ಭಾಗಿಸಿದರೆ ಸೆಕೆಂಡಿಗೆ 4.2 ಲೀಟರ್ ಬರಬೇಕಿತ್ತು. ಬಂದದ್ದು 2.2. ಮೋಟರ್ ಕೊಟ್ಟ ಬಲದಲ್ಲಿ ಅರ್ಧದಷ್ಟು ಮಾತ್ರ ನೀರಿಗೆ ತಲುಪಿದೆ. ಉಳಿದದ್ದು ಪಂಪಿನ ಒಂದೊಂದು ಇಂಪೆಲ್ಲರಿನಲ್ಲಿ ನೀರು ಸುಳಿದು, ಸಂದಿಯಲ್ಲಿ ಹಿಂದಕ್ಕೆ ಜಾರಿ ಕರಗಿದೆ. ಮೋಟರಿನ ನಷ್ಟವನ್ನೂ ಸೇರಿಸಿದರೆ, ಒಳಹೋದ ಐದು ಕಿಲೋವ್ಯಾಟ್‌ನಲ್ಲಿ ನೀರೆತ್ತಲು ಬಳಕೆಯಾದದ್ದು ಎರಡಕ್ಕಿಂತ ತುಸು ಕಡಿಮೆ, ನೂರಕ್ಕೆ 39. ಸಣ್ಣ ಕೊಳವೆಬಾವಿ ಪಂಪ್‌ಸೆಟ್‌ಗೆ ಇದು ನಾಚಿಕೆಯ ಅಂಕಿಯೇನಲ್ಲ. ಹೊಸ, ಒಳ್ಳೆಯ ಪಂಪು ಇದಕ್ಕಿಂತ ಮೇಲಿರಬಹುದು. ನೂರಕ್ಕೆ 25ಕ್ಕೆ ಇಳಿದಿದ್ದರೆ ಮಾತ್ರ ಮೇಲೆತ್ತಿ ನೋಡುವ ಕಾಲ ಬಂದಿದೆ ಎಂದರ್ಥ.

ತೋಟದಲ್ಲಿ 540 ಅಡಿಕೆ ಮರಗಳಿದ್ದು, ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ ಬೇಕಾದದ್ದು 10,800 ಲೀಟರ್. ಮೋಟರ್ ಒಂದು ಗಂಟೆ ಇಪ್ಪತ್ತು ನಿಮಿಷ ಓಡಬೇಕು, ಯೂನಿಟ್ ಆರೂಮುಕ್ಕಾಲು. ಅದೇ ಒಂದು ಎಕರೆಗೆ ಕಾಲುವೆ ತೆಗೆದು ನೀರು ಹಾಯಿಸಿ, ನೆಲದ ಮೇಲೆ ಎರಡು ಇಂಚು ನಿಲ್ಲುವಷ್ಟು ಕೊಟ್ಟರೆ ಎರಡು ಲಕ್ಷ ಲೀಟರ್ ಬೇಕು. ಅದಕ್ಕೆ 25 ಗಂಟೆ, 125 ಯೂನಿಟ್. ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ ಎಂದರೆ ಒಂದು ಸುತ್ತು ಮುಗಿಯಲು ಮೂರೂವರೆ ದಿನ.

ಬೇಸಿಗೆಯ ಲೆಕ್ಕವೇ ಬೇರೆ

ಏಪ್ರಿಲ್ ಬಂತು. ಓಡುವಾಗಿನ ನೀರಿನ ಮಟ್ಟ 270 ಅಡಿಯಿಂದ 400 ಅಡಿಗೆ ಇಳಿಯಿತು. ಮೋಟರ್ ಈಗ ಹೆಚ್ಚು ಆಳದಿಂದ ಎತ್ತಬೇಕು, ಆದ್ದರಿಂದ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿ, ಆಂಪ್ಸ್ ಇಳಿದಿರುತ್ತದೆ.

ಕಾರಣ ಪಂಪಿನ ಗುಣದಲ್ಲಿದೆ. ನಮ್ಮಲ್ಲಿ ಬಳಸುವ ಸಾಮಾನ್ಯ ಕೊಳವೆಬಾವಿ ಪಂಪುಗಳಲ್ಲಿ ಇಂಪೆಲ್ಲರ್‌ಗಳು ನೀರನ್ನು ಸುತ್ತಿ ಹೊರಕ್ಕೆ ಎಸೆಯುತ್ತವೆ. ಎತ್ತರ ಹೆಚ್ಚಾದಷ್ಟೂ ಅವು ದೂಡುವ ನೀರು ಕಡಿಮೆಯಾಗುತ್ತದೆ. ದೂಡುವ ನೀರು ಕಡಿಮೆಯಾದಂತೆ ಮೋಟರಿನಿಂದ ಕೇಳುವ ಬಲವೂ ಕಡಿಮೆಯಾಗುತ್ತದೆ. ಗೇಟ್‌ವಾಲ್ವ್ ಅರ್ಧ ಮುಚ್ಚಿದಾಗ ಆಂಪ್ಸ್ ಇಳಿಯುವುದೂ ಇದೇ ಕಾರಣಕ್ಕೆ.

ನಮ್ಮ ತೋಟದಲ್ಲಿ ಡ್ರಮ್ ತುಂಬಲು ಈಗ 150 ಸೆಕೆಂಡ್ ಬೇಕು, ಅಂದರೆ ಗಂಟೆಗೆ 4,800 ಲೀಟರ್. ಮೀಟರ್ ಗಂಟೆಗೆ ನಾಲ್ಕೂವರೆ ಯೂನಿಟ್ ತೋರಿಸುತ್ತದೆ. ಗಂಟೆಯ ಲೆಕ್ಕದಲ್ಲಿ ಅರ್ಧ ಯೂನಿಟ್ ಉಳಿತಾಯ! ಸಾವಿರ ಲೀಟರಿನ ಲೆಕ್ಕ ಹಾಕಿದರೆ 0.63 ಇದ್ದದ್ದು 0.94ಕ್ಕೆ ಏರಿದೆ, ಒಂದಕ್ಕೆ ಒಂದೂವರೆ. ಅದೇ 540 ಮರಗಳಿಗೆ ಅದೇ 10,800 ಲೀಟರ್ ಕೊಡಲು ಎರಡೂಕಾಲು ಗಂಟೆ ಬೇಕು, ಯೂನಿಟ್ ಹತ್ತು ದಾಟುತ್ತದೆ. ಹೀಗೆ ಗಂಟೆಗೆ ಎಷ್ಟು ಯೂನಿಟ್ ಎಂಬ ಅಂಕಿಯೊಂದನ್ನೇ ನೋಡುವವರಿಗೆ ಮೋಟರ್ ಬೇಸಿಗೆಯಲ್ಲಿ ಚೆನ್ನಾಗಿದೆ ಎಂದೇ ಕಾಣುತ್ತದೆ.

ಆದ್ದರಿಂದ ಆಂಪ್ಸ್ ಮತ್ತು ಡ್ರಮ್ಮಿನ ಸೆಕೆಂಡ್ ಎರಡನ್ನೂ ಜೊತೆಯಾಗಿ ಓದಬೇಕು. ತಾರೀಖು ಹಾಕಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಗೆ ಬರೆದಿಟ್ಟರೆ ಸಾಕು. ಸೆಕೆಂಡ್ ಹೆಚ್ಚಾಗಿ ಆಂಪ್ಸ್ ಕಡಿಮೆಯಾಗಿದ್ದರೆ ಬಹುಮಟ್ಟಿಗೆ ನೀರು ಕೆಳಗಿಳಿದಿದೆ, ಇಲ್ಲವೇ ಜರಡಿ ಕಟ್ಟಿದೆ. ಸೆಕೆಂಡ್ ಹೆಚ್ಚಾಗಿಯೂ ಆಂಪ್ಸ್ ಇಳಿದಿಲ್ಲವೆಂದರೆ, ಎತ್ತಿದ ನೀರು ಮೇಲೆ ಬರುತ್ತಿಲ್ಲ ಎಂದು ಅನುಮಾನಿಸಬೇಕು. ಪೈಪಿನ ಜೋಡಣೆ ಸಡಿಲವಾಗಿ ನೀರು ಬಾವಿಗೇ ಸುರಿಯುತ್ತಿರಬಹುದು. ಮೋಟರ್ ಓಡುವಾಗ ಕೇಸಿಂಗ್ ಬಾಯಿಗೆ ಕಿವಿಗೊಟ್ಟರೆ ಒಳಗೆ ನೀರು ಸುರಿಯುವ ಸದ್ದು ಕೇಳಿಸುತ್ತದೆ. ಆಂಪ್ಸ್ ಏರಿದ್ದರೆ ವೋಲ್ಟೇಜ್ ನೋಡಿ. ಅದು ಸರಿಯಿದ್ದರೆ ಮರಳು ಸಿಕ್ಕಿರಬಹುದು, ಬೇರಿಂಗ್ ಸವೆದಿರಬಹುದು. ಮೂರು ಫೇಸ್‌ಗಳ ಆಂಪ್ಸ್ ಒಂದಕ್ಕೊಂದು ತೀರ ಬೇರೆಯಿದ್ದರೆ ಲೈನಿನಲ್ಲೋ ವೈಂಡಿಂಗ್‌ನಲ್ಲೋ ದೋಷವಿದೆ. ಕೇಬಲ್ ಬಿಚ್ಚಿ ಮತ್ತೆ ಜೋಡಿಸಿದ ಮರುದಿನವೇ ನೀರು ಅರ್ಧಕ್ಕಿಳಿದರೆ ಬೇರೇನೂ ಯೋಚಿಸಬೇಕಿಲ್ಲ, ಮೋಟರ್ ಉಲ್ಟಾ ತಿರುಗುತ್ತಿದೆ. ಯಾವುದಾದರೂ ಎರಡು ಫೇಸ್ ವೈರ್‌ಗಳನ್ನು ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ.

ಏಳೂವರೆ ಎಚ್‌ಪಿ ಇಳಿಸೋಣವೇ?

ಬೇಸಿಗೆಯಲ್ಲಿ ನೀರು ಕಡಿಮೆಯಾದ ಕೂಡಲೇ ಬರುವ ಮಾತು ಇದು. ಈವರೆಗಿನ ಲೆಕ್ಕವನ್ನೇ ಇದಕ್ಕೂ ಹಚ್ಚಬಹುದು.

ನೀರಿನ ಮಟ್ಟ 400 ಅಡಿ, ಅಂದರೆ 122 ಮೀಟರ್. ಪೈಪು ಮತ್ತು ತೊಟ್ಟಿಗೆ ಎಂಟು ಸೇರಿಸಿ 130. ಮೊದಲಿನಂತೆ ಸೆಕೆಂಡಿಗೆ 2.2 ಲೀಟರ್ ಬೇಕೆಂದರೆ 130ನ್ನು 2.2ರಿಂದ ಗುಣಿಸಿ 76ರಿಂದ ಭಾಗಿಸಬೇಕು. ನೀರಿಗೆ ತಲುಪಬೇಕಾದ ಬಲ 3.8 ಎಚ್‌ಪಿ. ಪಂಪಿನಲ್ಲಿ ಅರ್ಧದಷ್ಟು ಕರಗುತ್ತದೆ ಎಂದು ನೋಡಿದ್ದೇವೆ. ಹಾಗಾಗಿ ಶಾಫ್ಟ್‌ನಲ್ಲಿ ಏಳೂವರೆ ಎಚ್‌ಪಿ ಬೇಕು. ಮೋಟರಿನ ಅಳತೆ ಸರಿಯಾಗಿಯೇ ಇದೆ. ಎಚ್‌ಪಿಗೊಂದು ಯೂನಿಟ್ ಎಂದರೆ ಗಂಟೆಗೆ ಏಳೂವರೆ ಯೂನಿಟ್, ಬರುವ ನೀರು 8,000 ಲೀಟರ್. ಸಾವಿರ ಲೀಟರಿಗೆ 0.94 ಯೂನಿಟ್.

ಹಳೆಯ ಐದು ಎಚ್‌ಪಿ ಮೋಟರಿನಲ್ಲಿ ಬೇಸಿಗೆಯ ಲೆಕ್ಕವೂ 0.94 ಆಗಿತ್ತು. ಅಂದರೆ ದೊಡ್ಡ ಮೋಟರ್ ಒಂದೊಂದು ಲೀಟರಿಗೂ ಹೆಚ್ಚು ಕರೆಂಟ್ ತಿನ್ನುವುದಿಲ್ಲ, ಉಳಿಸುವುದೂ ಇಲ್ಲ. ಅದು ಉಳಿಸುವುದು ಸಮಯವನ್ನು: ಎರಡೂಕಾಲು ಗಂಟೆಯ ಕೆಲಸ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಏಳು ಗಂಟೆಯಲ್ಲಿ ಹಳೆಯ ಮೋಟರೇ 33,000 ಲೀಟರ್ ಎತ್ತಬಲ್ಲದು, ತೋಟಕ್ಕೆ ಬೇಕಿರುವುದು ಹನ್ನೊಂದು ಸಾವಿರದೊಳಗೆ. ಈ ಒಂದು ಎಕರೆಗೆ ಆ ಅವಸರ ಬೇಕಿಲ್ಲ. ಮೂರು ನಾಲ್ಕು ಎಕರೆಗೆ ಒಂದೇ ಬಾವಿಯಾದರೆ ಯೋಚಿಸಬೇಕಾದೀತು.

ಆಗಲೂ ಮೊದಲು ಕೇಳಬೇಕಾದ ಪ್ರಶ್ನೆ ಬಾವಿ ಅಷ್ಟು ನೀರು ಕೊಡುತ್ತದೆಯೇ ಎಂಬುದು. ಬೋರ್‌ವೆಲ್ ಕೊರೆಸಿದಾಗ ‘ಮೂರು ಇಂಚು ನೀರು’ ‘ಎರಡು ಇಂಚು ನೀರು’ ಎನ್ನುವುದು ಪೈಪಿನ ಅಳತೆಯಲ್ಲ. ಇಂಗ್ಲಿಷಿನ ‘ವಿ’ ಆಕಾರದ, 90 ಡಿಗ್ರಿ ಕಚ್ಚು ಇರುವ ತಗಡಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬ ಅಳತೆ. ಎತ್ತರ ಹೆಚ್ಚಿದಂತೆ ಕಚ್ಚು ಅಗಲವೂ ಆಗುವುದರಿಂದ ಇಂಚು ಮತ್ತು ಲೀಟರ್ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಮೂರು ಇಂಚು ಎಂದರೆ ಗಂಟೆಗೆ ಸುಮಾರು 8,000 ಲೀಟರ್, ಎರಡೂವರೆ ಎಂದರೆ 5,000, ಎರಡು ಎಂದರೆ 2,900 ಮಾತ್ರ. ಮೂರರಿಂದ ಎರಡೂವರೆಗೆ ಇಳಿದರೆ ಅರ್ಧ ಇಂಚು ತಾನೇ ಅನ್ನಿಸುತ್ತದೆ, ಹೋಗಿರುವುದು ಮೂರು ಸಾವಿರ ಲೀಟರ್.

ಬೇಸಿಗೆಯಲ್ಲಿ ಎರಡೂವರೆ ಇಂಚಿಗೆ ಇಳಿದ ಬಾವಿಗೆ ಏಳೂವರೆ ಎಚ್‌ಪಿ ಇಳಿಸಿದರೆ, ಗಂಟೆಗೆ ಐದು ಸಾವಿರ ಲೀಟರ್ ಮಾತ್ರ ಊರುವ ಕಡೆ ಎಂಟು ಸಾವಿರ ಎತ್ತಲು ಹೊರಟಂತೆ. ಸ್ವಲ್ಪ ಹೊತ್ತಿನಲ್ಲೇ ನೀರು ಪಂಪಿನ ಬಾಯಿಗಿಂತ ಕೆಳಗೆ ಹೋಗಿ ಮೋಟರ್ ಒಣಗಿ ಓಡುತ್ತದೆ. ಡ್ರೈರನ್ ತಡೆಯುವ ಸಾಧನ ಸ್ಟಾರ್ಟರಿನಲ್ಲಿ ಇಲ್ಲದಿದ್ದರೆ ಬೇರಿಂಗ್, ವೈಂಡಿಂಗ್ ಎರಡೂ ಹೋಗುತ್ತವೆ. ಅಂಗಡಿಗೆ ಹೋಗುವ ಮುನ್ನ ಬಾವಿಯ ಬೇಸಿಗೆ ಇಳುವರಿ ಮತ್ತು ಓಡುವಾಗಿನ ನೀರಿನ ಮಟ್ಟ ಇವೆರಡನ್ನೂ ಅಳೆಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟು ಎಚ್‌ಪಿ ಎಂಬುದು ಆ ಚೀಟಿಯಿಂದ ಹೊರಡುವ ಉತ್ತರವಾಗಬೇಕೇ ಹೊರತು, ಪಕ್ಕದ ತೋಟದವರು ಎಷ್ಟು ಹಾಕಿಸಿದ್ದಾರೆ ಎಂಬುದರಿಂದಲ್ಲ.